ಉಳಿದ ನೂಲು, ಬರೆದ ಲಾಭ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮಾಲೀಕನ ವರ್ಷದ ಲಾಭ ಸೀರೆ ಎಷ್ಟಕ್ಕೆ ಮಾರಾಟವಾಯಿತು ಎಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಮಾರ್ಚ್ 31ರಂದು ಉಳಿದ ರೇಷ್ಮೆ ನೂಲಿಗೆ ಯಾವ ಬೆಲೆ ಕಟ್ಟಿದ ಎಂಬುದೂ ಅದರಲ್ಲಿ ಸೇರಿರುತ್ತದೆ. ಹಾಗಿದ್ದರೆ ಲಾಭ ಎಂಬುದು ನಡೆದ ಸಂಗತಿಯೋ, ನಾವು ಬರೆದುಕೊಂಡ ಸಂಗತಿಯೋ?

ಸುಲಭದ ಅಂಕಿಗಳನ್ನೇ ಇಟ್ಟುಕೊಳ್ಳೋಣ. ವರ್ಷದ ಆರಂಭದಲ್ಲಿ ಅವನು ಕಿಲೋಗೆ 4,000 ರೂಪಾಯಿಯಂತೆ 100 ಕಿಲೋ ನೂಲು ಕೊಂಡ. ದರ ಏರಿದ ಮೇಲೆ 5,000ದಂತೆ ಇನ್ನೂ 100 ಕಿಲೋ ಕೊಂಡ. 120 ಕಿಲೋ ನೇಯ್ದು, ಸೀರೆಗಳನ್ನೆಲ್ಲ 7 ಲಕ್ಷಕ್ಕೆ ಮಾರಿದ. ಕೂಲಿ, ಕರೆಂಟು ಎಲ್ಲ ಸೇರಿ 1,20,000 ಖರ್ಚಾಯಿತು. ಮೊದಲು ಬಂದ ನೂಲು ಮೊದಲು ಹೋಯಿತೆಂದು ಬರೆಯುವ ಫಿಫೊ ಕ್ರಮದಲ್ಲಿ ನೂಲಿನ ವೆಚ್ಚ 5 ಲಕ್ಷ, ಲಾಭ 80,000. ತೂಕಿತ ಸರಾಸರಿಯಲ್ಲಿ ಕಿಲೋಗೆ 4,500 ಬೀಳುತ್ತದೆ. ವೆಚ್ಚ 5,40,000, ಲಾಭ 40,000. ಗಲ್ಲಾಪೆಟ್ಟಿಗೆಯಲ್ಲಿ ಒಂದು ರೂಪಾಯಿಯೂ ಬದಲಾಗಿಲ್ಲ. ವ್ಯತ್ಯಾಸದ 40,000 ಇರುವುದು ಉಳಿದ 80 ಕಿಲೋ ನೂಲಿನ ಮೇಲೆ ಬರೆದ ಬೆಲೆಯಲ್ಲಿ: ಒಂದರಲ್ಲಿ 4 ಲಕ್ಷ, ಇನ್ನೊಂದರಲ್ಲಿ 3,60,000.

ಯಾವುದು ನಿಜ? ಒಂದೇ ಬಗೆಯ ಲಡಿಗಳಲ್ಲಿ ಯಾವುದು ಹಾಸಿಗೆ ಹೋಯಿತು, ಯಾವುದು ಉಳಿಯಿತು ಎಂದು ಯಾರೂ ಗುರುತಿಟ್ಟಿಲ್ಲ. ಹಾಗಾಗಿ ಭಾರತದ ಲೆಕ್ಕಪತ್ರ ಮಾನದಂಡ ಎಎಸ್–2 ಎರಡನ್ನೂ ಒಪ್ಪುತ್ತದೆ. ಕೊನೆಗೆ ಬಂದದ್ದು ಮೊದಲು ಹೋಯಿತೆಂಬ ಲಿಫೊ ಕ್ರಮಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ.

ನನ್ನ ಮಟ್ಟಿಗೆ, ಲಾಭ ಎಷ್ಟು ಎಂದು ಕೇಳುವ ಮೊದಲು ಯಾತಕ್ಕಾಗಿ ಎಂದು ಕೇಳಬೇಕು. ಮನೆಖರ್ಚಿಗೆ ಎಷ್ಟು ತೆಗೆಯಬಹುದು ಎಂಬುದು ಪ್ರಶ್ನೆಯಾದರೆ ಫಿಫೊ ದಾರಿ ತಪ್ಪಿಸುತ್ತದೆ. ಮಾರಾಟದ ಹಣದಲ್ಲಿ ಖರ್ಚು ಕಳೆದು ಉಳಿದದ್ದು 5,80,000. ನೇಯ್ದ 120 ಕಿಲೋ ಮತ್ತೆ ತುಂಬಿಸಲು ಈಗಿನ ದರದಲ್ಲಿ 6 ಲಕ್ಷ ಬೇಕು. 80,000 ಲಾಭ ಬಂತೆಂದು ನಂಬಿದವನು, ಒಂದು ಪೈಸೆ ತೆಗೆಯದಿದ್ದರೂ 4 ಕಿಲೋ ನೂಲು ಕಳೆದುಕೊಂಡಿದ್ದಾನೆ. ಸರಾಸರಿಯೂ ಇದನ್ನು ಪೂರ್ತಿ ಹೇಳುವುದಿಲ್ಲ; ಆದರೆ ದರ ಏರುವಾಗ ಅದು ನಿಜಕ್ಕೆ ಹತ್ತಿರ. ದರ ಇಳಿಯುವಾಗ ಲೆಕ್ಕ ತಿರುಗುಮುರುಗಾಗಿ, ಫಿಫೊದಲ್ಲೇ ಲಾಭ ಕಡಿಮೆ ಕಾಣುತ್ತದೆ.

ಮುಂದಿನ ವರ್ಷ ಎಲ್ಲ ಸರಿಹೋಗುತ್ತದೆ ಎಂಬ ವಾದವಿದೆ. ಆ 80 ಕಿಲೋ ನೇಯ್ದಾಗ ಫಿಫೊ ಪುಸ್ತಕಕ್ಕೆ 40,000 ಹೆಚ್ಚು ವೆಚ್ಚ ಬೀಳುತ್ತದೆ, ಎರಡು ವರ್ಷದ ಮೊತ್ತ ಒಂದೇ ಆಗುತ್ತದೆ. ಮಾತು ನಿಜ, ಆದರೆ ಅಲ್ಲಿಯವರೆಗೂ ಜೊತೆಯಲ್ಲಿರುವವರಿಗೆ ಮಾತ್ರ. ಮಗ್ಗ ಇಬ್ಬರು ಸಮಪಾಲಿನ ಅಣ್ಣತಮ್ಮಂದಿರದ್ದಾಗಿದ್ದು, ತಮ್ಮ ಮಾರ್ಚ್ 31ಕ್ಕೇ ಪುಸ್ತಕದ ಬೆಲೆಯಂತೆ ಪಾಲು ತೆಗೆದುಕೊಂಡು ಹೊರಟರೆ, ಸರಾಸರಿ ಪುಸ್ತಕದಿಂದ ಅವನಿಗೆ 20,000 ಕಡಿಮೆ ಸಿಗುತ್ತದೆ, ಅದು ಮತ್ತೆಂದೂ ಅವನ ಕೈಗೆ ಬರುವುದಿಲ್ಲ. ಇಲ್ಲಿ ನ್ಯಾಯ ಫಿಫೊದ ಕಡೆಗಿದೆ, ಏಕೆಂದರೆ ಉಳಿದ ನೂಲನ್ನು ಅದು ಇಂದಿನ ದರದ ಹತ್ತಿರ ತೋರಿಸುತ್ತದೆ.

ಒಂದೇ ಪುಸ್ತಕದಲ್ಲಿ ಎರಡು ಕ್ರಮ ಬರೆಯಲಾಗದು, ವರ್ಷಕ್ಕೊಂದು ಬದಲಿಸುವಂತೆಯೂ ಇಲ್ಲ. ನೂಲಿಗೆ ಸರಾಸರಿಯನ್ನೇ ಹಿಡಿದು, ಪಾಲು ಬಿಡುವವರಿಗೆ ಅಂದಿನ ಮಾರುಕಟ್ಟೆ ದರದಲ್ಲಿ ದಾಸ್ತಾನು ಎಣಿಸಬೇಕೆಂದು ಪಾಲುದಾರಿಕೆ ಪತ್ರದಲ್ಲೇ ಬರೆದಿಡುವುದು ಸರಿ ಎಂದು ನನಗೆ ತೋರುತ್ತದೆ.