ಕನಸು ತೋರಿಸಿದ ಹಳದಿ ಗಡ್ಡ

1897ರ ವಸಂತಕಾಲದಲ್ಲಿ ವಿಯೆನ್ನಾದ ಇಬ್ಬರು ಪ್ರಾಧ್ಯಾಪಕರು ಸಿಗ್ಮಂಡ್ ಫ್ರಾಯ್ಡ್ ಅವರ ಹೆಸರನ್ನು ವಿಶ್ವವಿದ್ಯಾಲಯದ ಪ್ರೊಫೆಸರ್ ಪದವಿಗೆ ಶಿಫಾರಸು ಮಾಡಿದ್ದರು. ಫ್ರಾಯ್ಡ್ ಆಸೆ ಇಟ್ಟುಕೊಳ್ಳಲಿಲ್ಲ. ಇಂಥ ಶಿಫಾರಸುಗಳನ್ನು ಸಚಿವಾಲಯ ಮೂಲೆಗೆ ತಳ್ಳುವುದನ್ನು ಅವರು ಕಂಡಿದ್ದರು. ಒಂದು ಸಂಜೆ ಅವರ ಗೆಳೆಯರೊಬ್ಬರು ಮನೆಗೆ ಬಂದರು. ಕನಸುಗಳ ಕುರಿತ ತಮ್ಮ ಪುಸ್ತಕದಲ್ಲಿ ಫ್ರಾಯ್ಡ್ ಅವರನ್ನು ‘ಆರ್’ ಎಂದಷ್ಟೇ ಕರೆದಿದ್ದಾರೆ. ಅದೇ ಪದವಿಗಾಗಿ ಬಹಳ ಕಾಲದಿಂದ ಕಾದಿದ್ದ ಆರ್, ತಡಕ್ಕೆ ತಮ್ಮ ಧರ್ಮವೇ ಕಾರಣವೇ ಎಂದು ಅಧಿಕಾರಿಯನ್ನು ನೇರವಾಗಿ ಕೇಳಿ ಬಂದಿದ್ದರು. ಸಿಕ್ಕ ಉತ್ತರ ಹಾರಿಕೆಯದಾಗಿದ್ದರೂ ಅರ್ಥ ಸ್ಪಷ್ಟವಿತ್ತು. ಆರ್ ಯಹೂದಿ, ಫ್ರಾಯ್ಡ್ ಕೂಡ ಯಹೂದಿ.

ಆ ಭೇಟಿಯ ಬೆನ್ನಿಗೇ ಫ್ರಾಯ್ಡ್‌ಗೆ ಒಂದು ಸಣ್ಣ ಕನಸು ಬಿತ್ತು. ಅದರಲ್ಲಿ ಆರ್ ಫ್ರಾಯ್ಡ್‌ರ ಚಿಕ್ಕಪ್ಪನಾಗಿದ್ದರು. ಆರ್ ಮೇಲೆ ಅವರಿಗೆ ಅಪಾರ ಅಕ್ಕರೆ ಉಕ್ಕಿತು. ಕಣ್ಣೆದುರಿಗಿದ್ದ ಮುಖ ತುಸು ಉದ್ದವಾಗಿತ್ತು, ಅದರ ಸುತ್ತ ಹಳದಿ ಗಡ್ಡವೊಂದು ಎದ್ದು ಕಾಣುತ್ತಿತ್ತು.

ಬೆಳಿಗ್ಗೆ ನೆನಪಾದಾಗ ಫ್ರಾಯ್ಡ್ ಗಟ್ಟಿಯಾಗಿ ನಕ್ಕು, ಅರ್ಥವಿಲ್ಲದ ಕನಸು ಎಂದು ತಳ್ಳಿಹಾಕಿದರು. ಅದು ದಿನವಿಡೀ ಬೆನ್ನು ಬಿಡಲಿಲ್ಲ. ರೋಗಿಯೊಬ್ಬರು ತಮ್ಮ ಕನಸನ್ನು ಹೀಗೆ ತಳ್ಳಿಹಾಕಿದ್ದರೆ, ಅಲ್ಲೇನೋ ಒಪ್ಪಿಕೊಳ್ಳಲಾಗದ ಸಂಗತಿಯಿದೆ ಎಂದು ತಾವೇ ಅನುಮಾನಿಸುತ್ತಿದ್ದೆವಲ್ಲ ಎಂದು ಸಂಜೆ ಅವರಿಗೆ ಹೊಳೆಯಿತು.

ಅವರು ಕನಸನ್ನು ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡಿಗೂ ಮನಸ್ಸಿಗೆ ಬಂದದ್ದನ್ನು ಬರೆದುಕೊಂಡರು. ಚಿಕ್ಕಪ್ಪ ಎಂದೊಡನೆ ನೆನಪಾದವರು ಯೋಸೆಫ್. ಮೂವತ್ತು ವರ್ಷಕ್ಕೂ ಹಿಂದೆ ದುಡ್ಡಿನಾಸೆಗೆ ಬಿದ್ದು ಕಾನೂನಿನ ಕೈಗೆ ಸಿಕ್ಕಿ ಶಿಕ್ಷೆ ಅನುಭವಿಸಿದವರು. ಆ ದುಃಖದಲ್ಲಿ ಫ್ರಾಯ್ಡ್‌ರ ತಂದೆಯ ಕೂದಲು ಕೆಲವೇ ದಿನಗಳಲ್ಲಿ ನೆರೆತಿತ್ತು. ಯೋಸೆಫ್ ಕೆಟ್ಟವನಲ್ಲ, ಪೆದ್ದ ಎಂದು ತಂದೆ ಹೇಳುತ್ತಿದ್ದರು. ಉದ್ದ ಮುಖ, ಹೊಂಬಣ್ಣದ ಗಡ್ಡ ಈ ಚಿಕ್ಕಪ್ಪನವು. ಆರ್ ಅವರದು ನೆರೆಯತೊಡಗಿದ್ದ ಕಪ್ಪು ಗಡ್ಡ. ಹಾಗಾದರೆ ಕನಸು ಆರ್ ಬಗ್ಗೆ ಹೇಳುತ್ತಿದ್ದದ್ದು ಒಂದೇ: ಆರ್ ಪೆದ್ದ.

ಚಿಕ್ಕಪ್ಪ ಅಪರಾಧಿಯೂ ಹೌದು. ಆ ಎಳೆ ಹಿಡಿದಾಗ ಮತ್ತೊಬ್ಬ ಸಹೋದ್ಯೋಗಿ ‘ಎನ್’ ನೆನಪಾದರು. ಅವರ ಹೆಸರೂ ಪ್ರೊಫೆಸರ್ ಪದವಿಗೆ ಹೋಗಿತ್ತು. ಕೆಲ ದಿನಗಳ ಹಿಂದೆ ದಾರಿಯಲ್ಲಿ ಸಿಕ್ಕಾಗ ಅವರು, ಹೆಂಗಸೊಬ್ಬಳು ತಮ್ಮ ಮೇಲೆ ಹಾಕಿದ್ದ ಸುಳ್ಳು ದೂರು ತಮಗೆ ಅಡ್ಡ ಬಂದಿರಬಹುದು, ಫ್ರಾಯ್ಡ್‌ಗೆ ಅಂಥ ಕಳಂಕವಿಲ್ಲ ಎಂದಿದ್ದರು. ಹೀಗೆ ಒಬ್ಬ ಚಿಕ್ಕಪ್ಪನ ಮುಖದಲ್ಲಿ ಇಬ್ಬರು ಸಹೋದ್ಯೋಗಿಗಳು ಸೇರಿಕೊಂಡರು, ಒಬ್ಬರು ಪೆದ್ದತನದ ದಾರಿಯಿಂದ, ಇನ್ನೊಬ್ಬರು ಅಪರಾಧದ ದಾರಿಯಿಂದ. ಇದನ್ನೇ ಫ್ರಾಯ್ಡ್ ಸಾಂದ್ರೀಕರಣ ಎಂದರು. ಮನೆತನದ ಹೋಲಿಕೆ ಹಿಡಿಯಲು ಫ್ರಾನ್ಸಿಸ್ ಗಾಲ್ಟನ್ ಹಲವು ಮುಖಗಳನ್ನು ಒಂದೇ ಫೋಟೊ ಫಲಕದ ಮೇಲೆ ಒಂದರ ಮೇಲೊಂದು ಮೂಡಿಸಿದ್ದು ಅವರಿಗೆ ನೆನಪಾಯಿತು. ಅಲ್ಲಿ ಹೊಂದುವ ಗೆರೆಗಳು ಗಾಢವಾಗುತ್ತವೆ, ಹೊಂದದವು ಮಸುಕಾಗುತ್ತವೆ.

ಈ ಬೆಸುಗೆಯಿಂದ ಕನಸಿಗೆ ಲಾಭವಿತ್ತು. ಆರ್ ಮತ್ತು ಎನ್ ಅವರಿಗೆ ಪದವಿ ತಪ್ಪಿದ್ದು ಧರ್ಮದಿಂದಲ್ಲ, ಒಬ್ಬರು ಪೆದ್ದರು, ಇನ್ನೊಬ್ಬರು ಅಪರಾಧಿ ಎಂದಾದರೆ, ಎರಡೂ ಅಲ್ಲದ ಫ್ರಾಯ್ಡ್‌ಗೆ ಆಸೆ ಉಳಿಯುತ್ತದೆ. ತಾವು ಗೌರವಿಸುವ ಇಬ್ಬರನ್ನು ಇಷ್ಟು ಸಲೀಸಾಗಿ ಹೀನಗಳೆದದ್ದು ಅವರಿಗೇ ಕಸಿವಿಸಿ ತಂದಿತು.

ಹಾಗಾದರೆ ಆ ಅಕ್ಕರೆ ಎಲ್ಲಿಂದ ಬಂತು? ಚಿಕ್ಕಪ್ಪನ ಮೇಲೆ ಫ್ರಾಯ್ಡ್‌ಗೆ ಎಂದೂ ಪ್ರೀತಿ ಇರಲಿಲ್ಲ. ಆರ್ ಮೇಲೆ ಇತ್ತು, ಆದರೆ ಕನಸಿನಲ್ಲಿ ಉಕ್ಕಿದಷ್ಟಲ್ಲ. ಅವರು ತಲುಪಿದ ಉತ್ತರ: ಗೆಳೆಯನನ್ನು ಪೆದ್ದನೆಂದ ನಿಂದೆ ಕಣ್ಣಿಗೆ ಬೀಳದಂತೆ ಮುಚ್ಚಲು ಕನಸು ಅದರ ವಿರುದ್ಧ ಭಾವವನ್ನೇ ಹೊದಿಸಿತ್ತು. ಫ್ರಾಯ್ಡ್ ಸ್ಥಾನಪಲ್ಲಟ ಎಂದು ಕರೆದ ಕೆಲಸವೂ ಇಲ್ಲೇ ಕಾಣುತ್ತದೆ. ಕನಸಿನ ನಟ್ಟನಡುವೆ ನಿಂತಿರುವುದು ಗಡ್ಡ. ಕನಸನ್ನು ಹೊರಡಿಸಿದ ಪದವಿಯ ಹಂಬಲಕ್ಕೂ ಗಡ್ಡಕ್ಕೂ ಸಂಬಂಧವಿಲ್ಲ, ಆ ಹಂಬಲ ಕನಸಿನಲ್ಲಿ ಎಲ್ಲೂ ಬಾಯಿಬಿಡುವುದೂ ಇಲ್ಲ. ಒತ್ತು ಮುಖ್ಯ ವಿಷಯದಿಂದ ಜಾರಿ ಅಮುಖ್ಯವಾದುದರ ಮೇಲೆ ಕೂತಿದೆ. ಪುಸ್ತಕದಲ್ಲಿ ಮುಂದೆ ಇದೇ ಕನಸಿಗೆ ಮರಳಿದ ಫ್ರಾಯ್ಡ್, ಸಹೋದ್ಯೋಗಿಗಳನ್ನು ತಿರಸ್ಕರಿಸುವ ಮೂಲಕ ತಾವು ಮಂತ್ರಿಯ ಕುರ್ಚಿಯಲ್ಲೇ ಕೂತಿದ್ದುದನ್ನು ಕಂಡುಕೊಂಡರು.

ಇಷ್ಟನ್ನೂ ನಂಬಬೇಕೆ? ದಾರ್ಶನಿಕ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ 1940ರ ದಶಕದ ಮಾತುಕತೆಯಲ್ಲಿ ಎತ್ತಿದ ಆಕ್ಷೇಪ ಗಟ್ಟಿಯಾದದ್ದು. ಮನಸ್ಸನ್ನು ಕಾಡುವ ಚಿಂತೆಯಿದ್ದಾಗ ಮೇಜಿನ ಮೇಲೆ ಯಾರೋ ಇಟ್ಟ ವಸ್ತುಗಳಿಂದ ಹೊರಟರೂ ನೆನಪುಗಳ ಸರಪಳಿ ಆ ಚಿಂತೆಗೇ ಬಂದು ಮುಟ್ಟೀತು. ಅಂದರೆ, ಗಡ್ಡದಿಂದ ಹೊರಟು ಪದವಿಯ ಆಸೆ ತಲುಪಿದ ಮಾತ್ರಕ್ಕೆ ಆ ಆಸೆಯೇ ಗಡ್ಡವನ್ನು ಹುಟ್ಟಿಸಿತು ಎಂದು ಸಿದ್ಧವಾಗುವುದಿಲ್ಲ. ಈ ಕನಸಿನಲ್ಲಿ ಕನಸುಗಾರ, ವ್ಯಾಖ್ಯಾನಕಾರ, ಸಾಕ್ಷಿ ಮೂವರೂ ಒಬ್ಬರೇ ಎಂಬುದನ್ನೂ ಮರೆಯಬಾರದು.

ಆದ್ದರಿಂದ ಎರಡನ್ನು ಬೇರೆ ಬೇರೆ ತೂಗುವುದು ನ್ಯಾಯ. ಒಬ್ಬರ ಹೆಸರಿಗೆ ಇನ್ನೊಬ್ಬರ ಗಡ್ಡ ಅಂಟಿತ್ತು, ಭಾವ ಸಂದರ್ಭಕ್ಕಿಂತ ಅತಿಯಾಗಿತ್ತು ಎಂಬುದು ಫ್ರಾಯ್ಡ್ ಕಂಡದ್ದು, ಅದು ನಿಲ್ಲುತ್ತದೆ. ಅದರ ಹಿಂದೆ ಬಚ್ಚಿಟ್ಟ ಆಸೆಯೊಂದು ಕೆಲಸ ಮಾಡಿತು ಎಂಬುದು ಅವರ ಊಹೆ, ಅದಕ್ಕೆ ಈ ಒಂದು ಕನಸು ಸಾಕ್ಷಿಯಾಗಲಾರದು.