ಪುಸ್ತಕ ಮುಚ್ಚಿದ ಮೇಲಿನ ಅಂಕಿ

ಬೆಳಗಿನ ಆರು ಗಂಟೆ. ಹಾಲು ಕಾಯಲು ಇಟ್ಟಿದ್ದೆ. ಅಣ್ಣನ ಮಗಳು ಅಡುಗೆಮನೆಗೆ ಬಂದು ನೋಟ್‌ಬುಕ್ ಬಿಡಿಸಿ, "ಅತ್ತೆ, ಡೆಡ್‌ಲಾಕ್ ಪೂರ್ತಿ ಮುಗೀತು ನೋಡಿ" ಅಂದಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿಲಬಸ್ ಮುಂದಿಟ್ಟುಕೊಂಡು ಅವಳೇ ಗೆರೆ ಎಳೆದು ಮಾಡಿದ ಪಟ್ಟಿ ಅದು. ಎಡಕ್ಕೆ ಆಪರೇಟಿಂಗ್ ಸಿಸ್ಟಮ್ಸ್ ವಿಷಯದ ಪಾಠಗಳು, ಬಲಕ್ಕೆ ವಾರಕ್ಕೊಂದು ಮನೆ, ಪ್ರತಿ ಮನೆಯಲ್ಲೂ ಎಷ್ಟು ಧೈರ್ಯವಿದೆ ಅಂತ 1ರಿಂದ 4ರವರೆಗಿನ ಒಂದು ಅಂಕಿ. ಡೆಡ್‌ಲಾಕ್ ಎದುರಿಗೆ 4 ಇತ್ತು.

ಈ ಪಾಠವನ್ನು ನಾನು ಬಹಳ ವರ್ಷ ಕಲಿಸಿದವಳು. ಆ ಸಾಲು ನೋಡಿದ ಕೂಡಲೇ ಒಂದು ಸಂಶಯ ಬಂತು. ಸಿಲಬಸ್‌ನಲ್ಲಿ ಡೆಡ್‌ಲಾಕ್ ಒಂದೇ ಸಾಲಿನ ಮಾತು. ಆದರೆ ಆ ಸಾಲಿನೊಳಗೆ ಡೆಡ್‌ಲಾಕ್ ಉಂಟಾಗುವ ನಾಲ್ಕು ಷರತ್ತುಗಳಿವೆ, ಅದು ಬಾರದಂತೆ ತಡೆಯುವುದಿದೆ, ಬ್ಯಾಂಕರ್ಸ್ ಅಲ್ಗಾರಿದಮ್ ಇದೆ, ಬಂದದ್ದನ್ನು ಪತ್ತೆಹಚ್ಚಿ ಬಿಡಿಸುವುದೂ ಇದೆ. ಇಷ್ಟಕ್ಕೂ ಸೇರಿಸಿ ಒಂದೇ ಅಂಕಿ ಹೇಗೆ ಕೊಡುವುದು? ಪರೀಕ್ಷೆ ಮೂರು ಗಂಟೆಯದು. ಐದು ಮಾಡ್ಯೂಲ್‌ಗಳಿಂದ ಒಂದೊಂದು ಪೂರ್ಣ ಪ್ರಶ್ನೆ, ಒಂದೊಂದಕ್ಕೆ 20 ಅಂಕ. ಲೆಕ್ಕ ಹಾಕಿದರೆ ಪ್ರಶ್ನೆಗೆ 36 ನಿಮಿಷ, ಅದರೊಳಗಿನ ಹತ್ತಂಕದ ಭಾಗಕ್ಕೆ 18 ನಿಮಿಷ. ಆ ಹದಿನೆಂಟು ನಿಮಿಷದಲ್ಲಿ ಬರೆದು ಮುಗಿಸಬಹುದಾದಷ್ಟು ವಿಷಯವೇ ಪಟ್ಟಿಯ ಒಂದು ಸಾಲು. ಹಾಗೆ ಒಡೆದಾಗ ಡೆಡ್‌ಲಾಕಿನ ಒಂದು ಸಾಲು ಐದಾಯಿತು.

"ಈಗ ಪುಸ್ತಕ ಮುಚ್ಚು" ಅಂದೆ. ಒಂದು ಸಣ್ಣ ಲೆಕ್ಕ ಕೊಟ್ಟೆ. ಒಟ್ಟು 10 ಸಂಪನ್ಮೂಲ. ಮೂರು ಪ್ರೋಸೆಸ್‌ಗಳು. ಮೊದಲನೆಯದು 3 ಹಿಡಿದಿದೆ, ಹೆಚ್ಚೆಂದರೆ 9 ಬೇಕಾದೀತು. ಎರಡನೆಯದು 2 ಹಿಡಿದಿದೆ, 4 ಬೇಕಾದೀತು. ಮೂರನೆಯದೂ 2 ಹಿಡಿದಿದೆ, 7 ಬೇಕಾದೀತು. ಉಳಿದದ್ದು 3. ಈ ಸ್ಥಿತಿ ಸುರಕ್ಷಿತವೇ?

ಇನ್ನೂ ಬೇಕಾದದ್ದು ಕ್ರಮವಾಗಿ 6, 2, 5 ಎಂದು ಸರಿಯಾಗಿಯೇ ಬರೆದಳು. ಕೈಯಲ್ಲಿರುವ 3ರಲ್ಲಿ ಎರಡನೆಯದಕ್ಕೆ 2 ಕೊಟ್ಟಳು, 1 ಉಳಿಯಿತು. ಅಲ್ಲಿಗೆ ಪೆನ್ನು ನಿಂತಿತು. "ಒಂದರಲ್ಲಿ ಯಾರಿಗೂ ಸಾಲದು, ಸುರಕ್ಷಿತವಲ್ಲ" ಅಂದಳು. ಕೆಲಸ ಮುಗಿಸಿದ ಪ್ರೋಸೆಸ್ ತನ್ನ ಬಳಿ ಇದ್ದ ನಾಲ್ಕನ್ನೂ ಹಿಂದಿರುಗಿಸುತ್ತದೆ, ಸಾಲ ತೀರಿಸಿದ ಗಿರಾಕಿಯ ಹಾಗೆ. ಇದಕ್ಕೆ ಬ್ಯಾಂಕರ್ ಎಂಬ ಹೆಸರು ಬಂದದ್ದೇ ಅದಕ್ಕೆ. 1ಕ್ಕೆ 4 ಸೇರಿ 5 ಆಗುತ್ತದೆ, ಮೂರನೆಯದು ಮುಗಿಯುತ್ತದೆ, ಕೈಗೆ 7 ಬರುತ್ತದೆ, ಮೊದಲನೆಯದಕ್ಕೂ ಸಾಕಾಗುತ್ತದೆ. ಪುಸ್ತಕದಲ್ಲಿ ಈ ಹೆಜ್ಜೆಯನ್ನು ಅವಳು ಮೂರು ಸಲ ಓದಿದ್ದಳು. ಓದುವಾಗ ಎಲ್ಲ ತಿಳಿದಂತೆಯೇ ಇತ್ತು.

ತಪ್ಪು ಅವಳ ಬುದ್ಧಿಯದಲ್ಲ. ಆ 4 ಬರೆದ ಗಳಿಗೆಯದು. ಪುಟ ಕಣ್ಣೆದುರಿಗಿದ್ದಾಗ ಪರಿಚಯವೇ ಜ್ಞಾನದಂತೆ ಕಾಣುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದೇ ಕಂಡಿತು. ಪಾಠವನ್ನು ಮತ್ತೆ ಮತ್ತೆ ಓದಿದವರು, ಓದಿ ಮುಚ್ಚಿಟ್ಟು ನೆನಪಿನಿಂದ ಬರೆದವರಿಗಿಂತ ಹೆಚ್ಚು ಧೈರ್ಯ ತೋರಿದರು. ವಾರದ ನಂತರ ಹೆಚ್ಚು ನೆನಪಿದ್ದದ್ದು ಬರೆದವರಿಗೆ.

ಹಾಗಾಗಿ ಅಂಕಿಗಳಿಗೆ ಅರ್ಥ ಬದಲಿಸಿಕೊಂಡೆವು. ಹೆಸರು ಮಾತ್ರ ಗೊತ್ತಿದ್ದರೆ 1. ಪುಸ್ತಕ ನೋಡಿದರೆ ತಿಳಿಯುತ್ತದೆ ಅಂದರೆ 2. ಮುಚ್ಚಿಟ್ಟು ತಡವರಿಸಿಯಾದರೂ ಬರೆದು ಮುಗಿಸಿದರೆ 3. ಹೊಸ ಲೆಕ್ಕವನ್ನೂ ತಡವಿಲ್ಲದೆ ಮಾಡಿದರೆ 4. ಓದಿದ ದಿನ ಅಂಕಿ ಹಾಕುವಂತಿಲ್ಲ. ಮಾರನೆಯ ದಿನವೋ ಭಾನುವಾರವೋ ಬರೆದು ನೋಡಿದ ಮೇಲೆ, ತಾರೀಕಿನ ಜೊತೆ ಹಾಕಬೇಕು. ಹಳೆಯ ಅಂಕಿಯನ್ನು ಅಳಿಸದೆ ಪಕ್ಕದಲ್ಲೇ ಹೊಸದನ್ನು ಬರೆಯಬೇಕು.

ಮಾಡ್ಯೂಲ್‌ಗೆ ಸರಾಸರಿ ತೆಗೆಯುವ ಆಸೆ ಅವಳಿಗಿತ್ತು. ಬೇಡ ಅಂದೆ. ಮೂರು 4ಗಳ ನಡುವೆ ಒಂದು 1 ಇದ್ದರೆ ಸರಾಸರಿ ಮೂರರ ಮೇಲೆಯೇ ನಿಲ್ಲುತ್ತದೆ, ಆ 1 ಕಣ್ಣಿಗೆ ಬೀಳುವುದೇ ಇಲ್ಲ. ಮಾಡ್ಯೂಲಿನ ಎರಡು ಪ್ರಶ್ನೆಗಳಲ್ಲಿ ಒಂದನ್ನು ಇಡಿಯಾಗಿ ಆರಿಸಿಕೊಳ್ಳಬೇಕು, ಇದರ ಅರ್ಧ ಅದರ ಅರ್ಧ ಬರೆಯುವಂತಿಲ್ಲ. ಬಾರದ ಒಂದು ಭಾಗ, ಬರುವ ಪ್ರಶ್ನೆಯನ್ನೂ ಕೈಬಿಡಿಸುತ್ತದೆ. ವಾರದ ಕೆಲಸ ಆ ಕಡಿಮೆ ಅಂಕಿಯ ಸಾಲಿನಿಂದಲೇ ಶುರುವಾಗಬೇಕು.

4 ಇದ್ದಲ್ಲಿ 2 ಬರೆಯುವಾಗ ಅವಳ ಮುಖ ಬಾಡಿತು. ನನಗೂ ಕರುಳು ಚುರ್ ಎಂದಿತು. ಆದರೂ ಬರೆಸಿದೆ. ಪರೀಕ್ಷೆಗೆ ಇನ್ನೂ ಆರು ವಾರವಿತ್ತು.

ಇವತ್ತು ಬೆಳಿಗ್ಗೆ ನೋಡಿದೆ. ಬ್ಯಾಂಕರ್ಸ್ ಅಲ್ಗಾರಿದಮ್ ಸಾಲಿನಲ್ಲಿ ಮೂರು ಅಂಕಿಗಳಿವೆ: 4, 2, 3. ಮೊದಲನೆಯದಕ್ಕೆ ಮಾತ್ರ ತಾರೀಕಿಲ್ಲ.