ವೈದ್ಯನ ಮೌನಕ್ಕೆ ಎಲ್ಲೆ ಎಲ್ಲಿ?

ರೋಗಿಯು ನಂಬಿ ಹೇಳಿದ ಮಾತು ವೈದ್ಯನ ಎದೆಯಲ್ಲೇ ಉಳಿಯಬೇಕೆಂಬುದು ಬಹು ಹಳೆಯ ನಿಯಮ. ಅದರಲ್ಲೂ ಮನಸ್ಸಿನ ಕಾಯಿಲೆಗೆ ಮದ್ದು ಕೊಡುವವನಿಗೆ ರೋಗಿಯ ಮಾತೇ ನಾಡಿ. ಮಾತು ಹೊರಗೆ ಹೋಗುತ್ತದೆಂಬ ಅಂಜಿಕೆಯಿದ್ದರೆ ರೋಗಿ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಚಿಕಿತ್ಸೆಯಿಲ್ಲ. ಆದರೆ ಅದೇ ರೋಗಿಯು, "ಇಂಥವನನ್ನು ನಾನು ಉಳಿಸುವುದಿಲ್ಲ" ಎಂದರೆ ವೈದ್ಯನು ಏನು ಮಾಡಬೇಕು? ವೈದ್ಯಕೀಯ ವಿದ್ಯಾರ್ಥಿಗಳಿಗೆ ನೀತಿಪಾಠದಲ್ಲಿ ಈ ಪ್ರಶ್ನೆಯನ್ನು ಕೇಳುವುದುಂಟು. ಸಾಮಾನ್ಯವಾಗಿ ಉತ್ತರವು ಎರಡು ಗುಂಪಾಗಿ ಒಡೆಯುತ್ತದೆ: ಗುಟ್ಟು ಕಾಯಬೇಕೆನ್ನುವವರು, ಗುಟ್ಟು ಒಡೆಯಬೇಕೆನ್ನುವವರು. ಪ್ರಶ್ನೆಯನ್ನು ಹೀಗೆ ಎರಡು ಹೋಳು ಮಾಡುವುದೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಇದಕ್ಕೆ ಆಧಾರವಾಗಿ, ಈ ಪಾಠಕ್ಕೆ ಮೂಲವಾದ ಪ್ರಸಂಗವನ್ನೇ ಮೊದಲು ನೋಡೋಣ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, ಪ್ರೊಸೆನ್‌ಜಿತ್ ಪೊದ್ದಾರ್ ಎಂಬ ವಿದ್ಯಾರ್ಥಿಯಿದ್ದನು. ನಮ್ಮ ದೇಶದ ಬಂಗಾಳದಿಂದ ಹೋದವನು. ತಾತಿಯಾನಾ ತರಸಾಫ್ ಎಂಬ ಯುವತಿಯು ತನ್ನ ಪ್ರೇಮವನ್ನು ಒಪ್ಪಲಿಲ್ಲವೆಂದು ಅವನ ಮನಸ್ಸು ಕೆಟ್ಟಿತು. 1969ರ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ಲಾರೆನ್ಸ್ ಮೂರ್ ಅವರ ಮುಂದೆ, ಆ ಹುಡುಗಿಯು ಊರಿಗೆ ಮರಳಿದಾಗ ಕೊಲ್ಲುವೆನೆಂದು ಹೇಳಿದನು. ಆಗ ಆಕೆ ಬ್ರೆಜಿಲ್ ದೇಶದಲ್ಲಿದ್ದಳು. ಮೂರ್ ಸುಮ್ಮನಿರಲಿಲ್ಲ, ವಿಶ್ವವಿದ್ಯಾಲಯದ ಪೊಲೀಸರಿಗೆ ಪತ್ರ ಬರೆದು ಅವನನ್ನು ಆಸ್ಪತ್ರೆಯಲ್ಲಿ ಇರಿಸಬೇಕೆಂದರು. ಪೊಲೀಸರು ಹಿಡಿದು ವಿಚಾರಿಸಿದರು. ಅವನು ವಿವೇಕಿಯಂತೆ ಮಾತನಾಡಿ, ಹುಡುಗಿಯಿಂದ ದೂರವಿರುವೆನೆಂದು ಮಾತು ಕೊಟ್ಟನು, ಅವರು ಬಿಟ್ಟರು. ಮನೋರೋಗ ವಿಭಾಗದ ಮುಖ್ಯಸ್ಥರು ಆ ಪತ್ರವನ್ನು ಹಿಂದಕ್ಕೆ ಪಡೆದು, ದಾಖಲೆಗಳನ್ನು ನಾಶಮಾಡಿಸಿ, ಮುಂದೇನೂ ಮಾಡಬಾರದೆಂದರು. ಪೊದ್ದಾರ್ ಮತ್ತೆ ಚಿಕಿತ್ಸೆಗೆ ಬರಲಿಲ್ಲ. ಬದಲಿಗೆ, ಆ ಹುಡುಗಿಯ ಸಹೋದರನನ್ನು ಒಪ್ಪಿಸಿ, ಅವಳ ಮನೆಯ ಹತ್ತಿರವೇ ಅವನ ಜೊತೆ ಬಾಡಿಗೆಗೆ ಇದ್ದನು. ಆಕೆ ಮರಳಿದ ಮೇಲೆ, ಅಕ್ಟೋಬರ್ 27ರಂದು, ಅವಳನ್ನು ಕೊಂದನು. ಆಕೆಗಾಗಲಿ, ತಂದೆತಾಯಿಗಳಿಗಾಗಲಿ ಯಾರೂ ಒಂದು ಮಾತು ಹೇಳಿರಲಿಲ್ಲ.

ಇಲ್ಲಿ ಗಮನಿಸಬೇಕಾದುದು ಒಂದಿದೆ. ಗುಟ್ಟನ್ನು ಕಾದದ್ದರಿಂದ ಆಕೆ ಸತ್ತಳೆಂದು ಹಲವರು ಹೇಳುತ್ತಾರೆ. ಆದರೆ ಗುಟ್ಟು ಆಗಲೇ ಒಡೆದಿತ್ತು. ಪೊಲೀಸರಿಗೆ ಎಲ್ಲವೂ ತಿಳಿದಿತ್ತು. ರೋಗಿಯ ವಿಶ್ವಾಸವೂ ಹೋಯಿತು, ಹುಡುಗಿಯ ಪ್ರಾಣವೂ ಉಳಿಯಲಿಲ್ಲ. ಅಂದರೆ ಹೇಳುವುದು ಬೇರೆ, ಕಾಪಾಡುವುದು ಬೇರೆ.

ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಈ ಅರಿವಿಗೆ ಎರಡು ಹೆಜ್ಜೆಯಲ್ಲಿ ಬಂದಿತು. 1974ರಲ್ಲಿ, ಅಪಾಯದಲ್ಲಿರುವವರಿಗೆ ಎಚ್ಚರಿಕೆ ಕೊಡುವುದು ಚಿಕಿತ್ಸಕನ ಕರ್ತವ್ಯವೆಂದಿತು. ಮರುವಿಚಾರಣೆಯ ನಂತರ 1976ರಲ್ಲಿ, ಕರ್ತವ್ಯವಿರುವುದು ಕಾಪಾಡಲು ಯುಕ್ತ ಎಚ್ಚರ ವಹಿಸುವುದರಲ್ಲಿ. ಎಚ್ಚರಿಕೆ ಕೊಡುವುದು, ಪೊಲೀಸರಿಗೆ ತಿಳಿಸುವುದು, ಸಂದರ್ಭಕ್ಕೆ ಬೇಕಾದ ಇನ್ನಾವುದೇ ಕ್ರಮ ಕೈಗೊಳ್ಳುವುದು, ಇವೆಲ್ಲ ಅದರ ಸಾಧನಗಳೆಂದಿತು. ನ್ಯಾಯಮೂರ್ತಿ ಕ್ಲಾರ್ಕ್ ಅವರು ಇದಕ್ಕೆ ಒಪ್ಪಲಿಲ್ಲ. ವೈದ್ಯನು ಹೇಳಿಬಿಡುತ್ತಾನೆಂದು ತಿಳಿದರೆ ರೋಗಿಗಳೇ ಬರುವುದಿಲ್ಲ. ಚಿಕಿತ್ಸೆಯಿಲ್ಲದೆ ಹಿಂಸೆ ಹೆಚ್ಚುತ್ತದೆ ಎಂಬುದು ಅವರ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದುದರಿಂದಲೇ ಗುಟ್ಟು ಒಡೆಯುವುದು ಮೊದಲ ಹೆಜ್ಜೆಯಾಗಬಾರದು.

ಅಮೆರಿಕದ ತೀರ್ಪು ನಮ್ಮನ್ನು ಕಟ್ಟುವುದಿಲ್ಲ. ನಮ್ಮಲ್ಲಿ 2002ರ ವೈದ್ಯರ ನಡತೆಯ ನಿಯಮಾವಳಿಯು, ಗುರುತಿಸಬಹುದಾದ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯವಿದ್ದಾಗ ಗೋಪ್ಯತೆಯನ್ನು ಸಡಿಲಿಸಲು ಅವಕಾಶ ಕೊಟ್ಟಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 23ನೆಯ ಕಲಮು ಇನ್ನೂ ಸ್ಪಷ್ಟ: ಬೇರೊಬ್ಬರನ್ನು ಹಿಂಸೆಯಿಂದ ಕಾಪಾಡಲು ಅಗತ್ಯವಿದ್ದರೆ ಹೇಳಬಹುದು, ಆದರೆ ಆ ಅಪಾಯವನ್ನು ತಡೆಯಲು ಎಷ್ಟು ಬೇಕೋ ಅಷ್ಟನ್ನೇ ಹೇಳಬೇಕು. ಕೇಂದ್ರದ ಕಾಯಿದೆಯಾದ್ದರಿಂದ, ನಮ್ಮವರು ಚಿಕಿತ್ಸೆಗೆ ಕರ್ನೂಲಿಗೆ ಹೋದರೂ ಬಳ್ಳಾರಿಗೆ ಹೋದರೂ ಇದೇ ನಿಯಮ.

ಈಗ ನಮ್ಮ ಸೀಮೆಯದೇ ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಆದವಾನಿಯ ಹತ್ತಿ ಕಾರ್ಖಾನೆಯೊಂದರಲ್ಲಿ ದುಡಿಯುವ, ಹೊಳಗುಂದಿ ಕಡೆಯ ಯುವಕನೊಬ್ಬನನ್ನು ತಾಯಿಯು ಮನೋವೈದ್ಯರ ಬಳಿಗೆ ಕರೆತರುತ್ತಾಳೆ. ಚಿಕ್ಕಪ್ಪನ ಮಗ ತನಗೆ ಮಾಟ ಮಾಡಿಸಿದ್ದಾನೆಂದೂ, ಅವನನ್ನು ಮುಗಿಸಿದರೇ ತನಗೆ ನೆಮ್ಮದಿಯೆಂದೂ ಅವನು ಹೇಳುತ್ತಾನೆ.

ವೈದ್ಯನ ಮೊದಲ ಕೆಲಸ, ಇದು ಬೆದರಿಕೆಯೋ ಬರಿಯ ಮಾತೋ ಎಂದು ತಿಳಿಯುವುದು. "ಕೊಂದುಬಿಡ್ತೀನಿ" ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ವೈದ್ಯರು ತೆಲುಗಿನವರು, ರೋಗಿ ಕನ್ನಡದವನು, ನಡುವೆ ಮಾತು ದಾಟಿಸುವವನು ಜೊತೆಗೆ ಬಂದ ನೆಂಟ ಎಂದಾದರೆ ತೊಡಕು ಇಮ್ಮಡಿ. ಆ ನೆಂಟನು ಮಾತನ್ನು ಮೃದುಗೊಳಿಸಬಹುದು, ಹರಿತಗೊಳಿಸಬಹುದು. ಬೆದರಿಕೆಗೆ ಗುರಿಯಾದವನಿಗೂ ಅವನು ನೆಂಟನೇ ಆಗಿರಬಹುದು. ಆದ್ದರಿಂದ ಮನೆಯವರಲ್ಲದವರಿಂದ ಮಾತು ದಾಟಿಸಿಕೊಂಡು, ರೋಗಿ ಆಡಿದ ಮಾತನ್ನು ಅವನಾಡಿದಂತೆಯೇ ಬರೆದಿಡಬೇಕು. ಬಳಿಕ ಕೇಳಬೇಕಾದುದು ಬಿಡಿ ಬಿಡಿಯಾದ ಪ್ರಶ್ನೆಗಳು: ಯಾರನ್ನು? ಯಾವಾಗ? ಯಾವುದರಿಂದ? ಹಿಂದೆ ಯಾರ ಮೇಲಾದರೂ ಕೈಮಾಡಿದ್ದುಂಟೋ? ಕುಡಿತವುಂಟೋ? ಕೊಲ್ಲೆಂದು ಕಿವಿಯಲ್ಲಿ ಯಾರಾದರೂ ಹೇಳುತ್ತಾರೋ? ನಮ್ಮ ಯುವಕನು, "ಅಮಾವಾಸ್ಯೆಯ ದಿನ ಅವನು ಹೊಲಕ್ಕೆ ಒಬ್ಬನೇ ಹೋಗ್ತಾನೆ, ಕೊಡಲಿ ಮಸೆದಿಟ್ಟೀನಿ" ಎನ್ನುತ್ತಾನೆಂದುಕೊಳ್ಳಿ. ಆಗ ಅದು ಕೋಪದ ಮಾತಲ್ಲ. ಗುರಿ, ಗಳಿಗೆ, ಆಯುಧ ಮೂರೂ ಕೂಡಿವೆ.

ಎರಡನೆಯ ಕೆಲಸ, ರೋಗಿಗೇ ಹೇಳುವುದು. "ಈ ಮಾತನ್ನು ನಾನು ನನ್ನಲ್ಲೇ ಇಟ್ಟುಕೊಳ್ಳಲಾರೆ, ನಿನಗೂ ಅವನಿಗೂ ಕೇಡಾಗದಂತೆ ಏನು ಮಾಡೋಣ?" ಎಂದು ಅವನನ್ನೇ ಕೇಳಿ, ಆಸ್ಪತ್ರೆಯಲ್ಲಿ ಉಳಿಯಲು ಒಪ್ಪಿಸಲು ಯತ್ನಿಸಬೇಕು. ಉಳಿದರೆ, ಕೊಡಲಿಯನ್ನು ತಾಯಿ ತೆಗೆದಿರಿಸಿದರೆ, ಇನ್ನಾರಿಗೂ ಏನೂ ಹೇಳದೆಯೇ ಆ ಹೊತ್ತಿನ ಅಪಾಯ ತಪ್ಪಬಹುದು. ಒಪ್ಪದಿದ್ದರೆ, ಕಾಯಿದೆಯ 89ನೆಯ ಕಲಮಿನಂತೆ, ರೋಗಿಯ ಪರವಾಗಿ ನಿಲ್ಲುವ ಪ್ರತಿನಿಧಿಯಾಗಿ ತಾಯಿಯು ಅರ್ಜಿ ಕೊಟ್ಟು, ಮನೋವೈದ್ಯರೂ ಇನ್ನೊಬ್ಬ ವೈದ್ಯರೋ ತಜ್ಞರೋ ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಿದರೆ, 30 ದಿನಗಳವರೆಗೆ ದಾಖಲಿಸಲು ಅವಕಾಶವಿದೆ.

ಇಷ್ಟರಲ್ಲಿ ಅವನು ಎದ್ದು ಹೊರಟುಹೋದರೆ? ಆಗ ಪೊಲೀಸರಿಗೂ ಆ ದಾಯಾದಿಗೂ ತಿಳಿಸಲೇಬೇಕು. "ಇಂಥವನಿಂದ ನಿಮಗೆ ಅಪಾಯವಿದೆ, ಕೆಲವು ದಿನ ಒಬ್ಬರೇ ಹೊಲಕ್ಕೆ ಹೋಗಬೇಡಿ" ಎಂದರೆ ಸಾಕು. ಕಾಯಿಲೆಯ ಹೆಸರು ಬೇಡ, ಔಷಧದ ವಿವರ ಬೇಡ. ಮಾಟದ ಮಾತಂತೂ ಬೇಡವೇ ಬೇಡ. ಆ ಸುದ್ದಿ ಊರಿಗೆ ಬಿದ್ದರೆ, ಮಾಟ ಮಾಡಿದವನೆಂಬ ಹೆಸರು ಹೊತ್ತ ಮುಗ್ಧನಿಗೆ ಒಬ್ಬನಿಂದಿದ್ದ ಅಪಾಯ ಹತ್ತು ಜನರಿಂದ ಬರಬಹುದು. ಅಗತ್ಯವಿದ್ದಷ್ಟೇ ಹೇಳಬೇಕೆಂಬ ಕಾಯಿದೆಯ ಮಾತಿನ ಅರ್ಥ ಇಲ್ಲಿ ತಿಳಿಯುತ್ತದೆ. ಹೇಳಿದ ಮೇಲೆ, ಹೇಳಿದ್ದರಿಂದ ಅವನು ಸುರಕ್ಷಿತನಾದನೇ ಎಂದು ಮತ್ತೆ ವಿಚಾರಿಸುವುದೂ ಕರ್ತವ್ಯದ ಭಾಗವೇ. ಬರ್ಕ್ಲಿಯಲ್ಲಿ ತಪ್ಪಿಹೋದದ್ದು ಈ ಕೊನೆಯ ಹೆಜ್ಜೆ.

ಇಷ್ಟೆಲ್ಲ ಮಾಡಿದರೂ ವೈದ್ಯನು ಭವಿಷ್ಯ ಬಲ್ಲವನಲ್ಲ. ಬೆದರಿಸಿದವರೆಲ್ಲ ಕೊಲ್ಲುವುದಿಲ್ಲ, ಕೊಲ್ಲುವವರೆಲ್ಲ ಬೆದರಿಸಿ ಕೊಲ್ಲುವುದಿಲ್ಲ. ಆದ್ದರಿಂದ ಅವನನ್ನು ಫಲದಿಂದ ಮಾತ್ರ ಅಳೆಯುವುದು ನ್ಯಾಯವಲ್ಲ. ಏನು ಕೇಳಿದನು, ಯಾವ ಕಾರಣಕ್ಕೆ ಯಾವ ಹೆಜ್ಜೆ ಇಟ್ಟನು, ಯಾವುದನ್ನು ಯಾಕೆ ಬಿಟ್ಟನು ಎಂಬುದನ್ನು ಆ ಹೊತ್ತಿನಲ್ಲೇ ಬರೆದಿಟ್ಟಿದ್ದರೆ, ಅವನ ವಿವೇಚನೆಯನ್ನು ಇತರರು ಪರೀಕ್ಷಿಸಬಹುದು.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವ್ರತಿಯಾದ ಕೌಶಿಕನು, ಅಡಗಿದ್ದ ಜನರ ದಾರಿಯನ್ನು ಕಳ್ಳರಿಗೆ ತೋರಿಸಿ, ಅವರ ಸಾವಿಗೆ ಕಾರಣನಾಗಿ ನರಕಕ್ಕೆ ಹೋದನು. ಅವನು ವ್ರತವನ್ನು ನೋಡಿದನು, ವ್ರತವಿರುವುದು ಯಾತಕ್ಕೆಂದು ನೋಡಲಿಲ್ಲ. ಅವನು ಮಾತಿನಿಂದ ಕೆಟ್ಟನು. ವೈದ್ಯನು ಮೌನದಿಂದಲೂ ಹಾಗೆಯೇ ಕೆಡಬಹುದು. ರೋಗಿಯ ಗುಟ್ಟನ್ನು ಕಾಯುವುದು ಜೀವಗಳನ್ನು ಕಾಯುವುದಕ್ಕಾಗಿ. ಆ ಉದ್ದೇಶಕ್ಕೆ ಮೌನವು ನೆರವಾಗುವವರೆಗೆ ಮೌನವೇ ಧರ್ಮ. ನೆರವಾಗದ ಗಳಿಗೆಯಲ್ಲಿ, ಜೀವ ಉಳಿಯಲು ಬೇಕಾದಷ್ಟೇ ಮಾತು ಧರ್ಮ.